ನಾಲ್ಕು ಕಿಲೋ ಗೂಡು ಹೆಚ್ಚು, ಇಪ್ಪತ್ತೊಂದು ಸಾವಿರ ಕಡಿಮೆ



ಹೋದ ತಿಂಗಳ ಯುವಜನ ಕೂಟದಲ್ಲಿ ಉದಗೀರ ಕಡೆಯಿಂದ ಬಂದಿದ್ದ ಮಿತ್ರರೊಬ್ಬರು ನಮ್ಮನ್ನು ಕೇಳಿದರು: "ನಿಮ್ಮ ಮನೆಯಲ್ಲಿ ರೇಷ್ಮೆ ಇದೆಯಲ್ಲ, ಒಂದು ಬೆಳೆಗೆ ಎಷ್ಟು ಸಿಗುತ್ತದೆ?" ನಾವಿಬ್ಬರು ಅಣ್ಣ ತಮ್ಮ ಮುಖ ಮುಖ ನೋಡಿಕೊಂಡೆವು. ಒಂದು ವರ್ಷದ ಹಿಂದೆ ಆಗಿದ್ದರೆ ತಟ್ಟನೆ ಉತ್ತರ ಕೊಡುತ್ತಿದ್ದೆವು. ಇಷ್ಟು ಕಿಲೋ ಗೂಡು, ಕಿಲೋಗೆ ಇಷ್ಟು ದರ, ಗುಣಿಸಿದರೆ ಇಷ್ಟು ಎಂದು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಆ ಗುಣಾಕಾರವನ್ನೇ ನಂಬಿ ಅಪ್ಪನನ್ನು ಒಪ್ಪಿಸಿ, ಮನೆಗೆ ನಷ್ಟ ತಂದವರು ನಾವೇ. ಅಂದು ಅರ್ಧ ಹೇಳಿ ನಿಲ್ಲಿಸಿದ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇವೆ.

ನಮ್ಮ ಊರು ಉಮರ್ಗಾ ಮತ್ತು ನಿಲಂಗಾ ನಡುವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹೊಲದಲ್ಲಿ ಸೋಯಾ ಮತ್ತು ತೊಗರಿ. ಒಂದು ಎಕರೆಯಲ್ಲಿ ಮಾತ್ರ ಹಿಪ್ಪುನೇರಳೆ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ವಿ-1 ತಳಿ, ಇಲ್ಲಿಯವರು ಅದಕ್ಕೆ ತುತಿ ಎನ್ನುತ್ತಾರೆ. ಗೂಡಿಗೆ ಅವರ ಮಾತು ಕೋಷ. ಮೊದಲು ಈ ಕಡೆಯ ರೈತರು ಗೂಡನ್ನು ರಾಮನಗರದವರೆಗೆ ಒಯ್ಯುತ್ತಿದ್ದರು. 2018ರಲ್ಲಿ ಜಾಲನಾದಲ್ಲಿ ಗೂಡಿನ ಮಾರುಕಟ್ಟೆ ತೆರೆದ ಮೇಲೆ ದಾರಿ ಅರ್ಧಕ್ಕಿಂತ ಕಡಿಮೆಯಾಯಿತು. ನಾವು ರಾತ್ರಿ ಗೂಡು ತುಂಬಿಕೊಂಡು ಲಾತೂರ್ ದಾಟಿ ಬೆಳಗಾಗುವಷ್ಟರಲ್ಲಿ ಜಾಲನಾ ಸೇರುತ್ತೇವೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ನಾವು "200 ಮೊಟ್ಟೆ ಮೇಯಿಸಿದೆವು" ಎಂದರೆ ಇನ್ನೂರೇ ಹುಳು ಅಲ್ಲ. ಒಂದು ಚಿಟ್ಟೆ ಇಟ್ಟ ಪೂರ್ತಿ ಮೊಟ್ಟೆಯ ಗುಂಪನ್ನು ಒಂದು ಮೊಟ್ಟೆ ಎಂದು ಎಣಿಸುವುದು ರೂಢಿ. ಅದರಲ್ಲಿ 400ರಿಂದ 500 ಹುಳು ಹೊರಬರುತ್ತವೆ. ಮೊದಲ ಎರಡು ಹಂತ, ಅಂದರೆ ಎರಡನೇ ಜ್ವರದವರೆಗೆ, ಹುಳುಗಳನ್ನು ಚಾಕಿ ಕೇಂದ್ರದವರು ಸಾಕುತ್ತಾರೆ. ಆಮೇಲೆ ಅವು ನಮ್ಮ ಹುಳು ಮನೆಗೆ ಬರುತ್ತವೆ. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದಲ್ಲ, ಅದಕ್ಕೇ ಜ್ವರ ಎನ್ನುವುದು. ನಾಲ್ಕು ಜ್ವರ ಕಳೆದು ಐದನೇ ಹಂತ ಮುಗಿದಾಗ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ನಾವು ಸಾಕುವುದು ಬಿಳಿ ಗೂಡಿನ ದ್ವಿತಳಿ.

ಹೋದ ವರ್ಷ ನವೆಂಬರ್‌ನಲ್ಲಿ ಮಾರಿದ ಬೆಳೆ ನಮಗೆ ಚೆನ್ನಾಗಿ ಬಂದಿತ್ತು. 200 ಮೊಟ್ಟೆಗೆ 138 ಕಿಲೋ ಗೂಡು. ಅದರಲ್ಲಿ ಒಳ್ಳೆಯ ಗೂಡು 126 ಕಿಲೋ, 520 ರೂಪಾಯಿಯಂತೆ ಹೋಯಿತು. ಎರಡನೇ ದರ್ಜೆ 9 ಕಿಲೋ 300ರಂತೆ, ಜೋಡಿ ಗೂಡು ಮತ್ತು ಕಲೆ ಗೂಡು 3 ಕಿಲೋ 120ರಂತೆ. ಒಟ್ಟು 68,580 ರೂಪಾಯಿ. ಹಣ ಅಪ್ಪನ ಖಾತೆಗೆ ಬಂದ ಮೆಸೇಜ್ ಅನ್ನು ಅವ್ವನಿಗೆ ಓದಿ ಹೇಳಿದ್ದು ಇನ್ನೂ ನೆನಪಿದೆ.

ಅದೇ ಸಮಯಕ್ಕೆ ತಂಗಿಯ ನರ್ಸಿಂಗ್ ಕೋರ್ಸಿನ ಎರಡನೇ ಕಂತು ಮುಂದೆ ಬಂತು. ಫೆಬ್ರವರಿ ಒಳಗೆ 40,000 ಕಟ್ಟಬೇಕು. ಸೋಯಾ ದುಡ್ಡು ಬ್ಯಾಂಕಿನ ಸಾಲಕ್ಕೆ ಹೋಗಿತ್ತು. ನಾವಿಬ್ಬರು ಮೊಬೈಲ್ ಹಿಡಿದು ಲೆಕ್ಕ ಮಾಡಿದೆವು. 200 ಮೊಟ್ಟೆಗೆ 138 ಕಿಲೋ ಬಂದರೆ 250 ಮೊಟ್ಟೆಗೆ 172 ಕಿಲೋ ಬರಬೇಕು. 172 ಅನ್ನು 520ರಿಂದ ಗುಣಿಸಿದರೆ 89,440. ಕಂತು ಕಟ್ಟಿಯೂ ಕೈಯಲ್ಲಿ ಉಳಿಯುತ್ತದೆ. ಅಪ್ಪನಿಗೆ ಹೇಳಿದೆವು. ಅಪ್ಪ ಸುಮ್ಮನಿದ್ದರು. ಅವ್ವ ಮಾತ್ರ ಒಲೆಯ ಮುಂದಿನಿಂದ ಹೇಳಿದಳು: "ಸೊಪ್ಪು ತ್ವಾಟದಾಗ ಅದ, ನಿಮ್ಮ ಮೊಬೈಲ್‌ನಾಗ ಇಲ್ಲ. ಹೋಗಿ ನೋಡ್ರಿ ಮೊದಲ." ನಾವು ಹೋಗಿ ನೋಡಲಿಲ್ಲ. ತೋಟ ಹಸಿರಾಗಿದೆ ಎನ್ನುವುದು ರಸ್ತೆಯಿಂದಲೇ ಕಾಣುತ್ತಿತ್ತು. ಚಾಕಿ ಕೇಂದ್ರಕ್ಕೆ ಫೋನ್ ಮಾಡಿ 250 ಬರೆಸಿದೆವು.

ತಪ್ಪು ಎಲ್ಲಿತ್ತೆಂದರೆ, ಸೊಪ್ಪು ಸಾಲದು ಎನ್ನುವುದು ರೇಷ್ಮೆಯಲ್ಲಿ ಮೊದಲೇ ಕಾಣುವುದಿಲ್ಲ. ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗವನ್ನು ಕೊನೆಯ ಏಳೆಂಟು ದಿನದಲ್ಲಿ ತಿನ್ನುತ್ತದೆ. ಮೂರನೇ ಹಂತದಲ್ಲಿ ದಿನಕ್ಕೆ ಕೆಲವು ಹೊರೆ ತಂದರೆ ಸಾಕು. ತೋಟದ ಒಂದು ಮೂಲೆಯೂ ಖಾಲಿಯಾಗುವುದಿಲ್ಲ. ನಾಲ್ಕನೇ ಹಂತದಲ್ಲೂ ಧೈರ್ಯವಾಗಿಯೇ ಇರುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಎಲ್ಲ ಬದಲಾಗುತ್ತದೆ. ಹುಳು ಮನೆಯೊಳಗೆ ಮಳೆ ಬಂದಂತೆ ಸದ್ದು. ಬೆಳಿಗ್ಗೆ ಹಾಸಿದ ಟೊಂಗೆ ಮಧ್ಯಾಹ್ನಕ್ಕೆ ಬರಿ ಕಡ್ಡಿ.

ಐದನೇ ಹಂತದ ನಾಲ್ಕನೇ ದಿನ ತೋಟಕ್ಕೆ ಹೋದಾಗ ಉಳಿದ ಸಾಲುಗಳನ್ನು ಎಣಿಸಿದೆವು. ಎದೆ ಧಸಕ್ಕೆಂದಿತು. ಡಿಸೆಂಬರ್ ಜನವರಿಯ ಚಳಿಯಲ್ಲಿ ತುತಿ ನಿಧಾನವಾಗಿ ಚಿಗುರುತ್ತದೆ ಎನ್ನುವುದನ್ನೂ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಟೊಂಗೆ ಉದ್ದವಿದ್ದರೂ ಎಲೆ ಸಣ್ಣ, ಕಡಿಮೆ. ಅಂದಿನಿಂದ ಮೂರು ಸಲ ಹಾಕುವ ಮೇವನ್ನು ಎರಡು ಸಲಕ್ಕೆ ಇಳಿಸಿದೆವು. ಆರನೇ ದಿನ ತೋಟ ಮುಗಿಯಿತು. ನಿಲಂಗಾ ಕಡೆಯ ಒಬ್ಬ ರೈತರ ಬಳಿ ಸೊಪ್ಪು ಇದೆ ಎಂದು ತಿಳಿದು, ಟೆಂಪೋ ಮಾಡಿಕೊಂಡು ಹೋಗಿ, ಕಿಲೋಗೆ 8 ರೂಪಾಯಿಯಂತೆ 500 ಕಿಲೋ ಕೊಂಡು ತಂದೆವು. ಸೊಪ್ಪಿಗೆ 4,000, ಟೆಂಪೋಗೆ 1,200.

ಆ 500 ಕಿಲೋದ ಕಥೆಯನ್ನೂ ಹೇಳಬೇಕು. ಅದು ಟೊಂಗೆ ಸಮೇತ ತೂಕ. ಕಡ್ಡಿ ತೆಗೆದರೆ ಎಲೆ ಸುಮಾರು ಅರ್ಧ. ಟೆಂಪೋದಲ್ಲಿ ಒತ್ತಿ ತುಂಬಿದ್ದರಿಂದ ನಡುವಿನ ಸೊಪ್ಪು ಬಿಸಿಯಾಗಿ ಬಾಡಿತ್ತು. ಮೇಲಾಗಿ ಅದನ್ನು ತಕ್ಷಣ ಹಾಕುವಂತೆಯೂ ಇರಲಿಲ್ಲ. ಪಕ್ಕದ ಕಡಲೆ ಹೊಲಕ್ಕೆ ಔಷಧ ಹೊಡೆದಿದ್ದರೆ ಗಾಳಿಗೆ ಬಂದ ಹನಿಯೇ ಸಾಕು, ಹುಳು ಹಸಿರು ನೀರು ಕಾರಿ, ತಲೆ ಅತ್ತಿತ್ತ ಆಡಿಸಿ, ಕುಗ್ಗಿ ಸಾಯುತ್ತದೆ. ಆದ್ದರಿಂದ ಅಪ್ಪ ಮೂವತ್ತು ಹುಳುವನ್ನು ಬೇರೆ ತಟ್ಟೆಗೆ ತೆಗೆದು ಅವಕ್ಕೆ ಮಾತ್ರ ಆ ಸೊಪ್ಪು ಹಾಕಿ ಕೆಲವು ಗಂಟೆ ಕಾದರು. ಹುಳು ಸುಖವಾಗಿದ್ದವು. ಆದರೆ ಅಷ್ಟು ಹೊತ್ತು ಉಳಿದ ಲಕ್ಷ ಹುಳು ಬರಿ ಕಡ್ಡಿಯ ಮೇಲೆ ತಲೆ ಎತ್ತಿ ಹುಡುಕುತ್ತಿದ್ದವು. ಕೊನೆಗೆ ಆ ಸೊಪ್ಪಿನಲ್ಲಿ ಹುಳುವಿನ ಹೊಟ್ಟೆಗೆ ಹೋದದ್ದು 250 ಕಿಲೋ ಇದ್ದೀತು. 5,200 ರೂಪಾಯಿಗೆ 250 ಕಿಲೋ ಎಂದರೆ ಕಿಲೋಗೆ ಸುಮಾರು 21 ರೂಪಾಯಿ.

ನಮ್ಮ ತೋಟದ ಸೊಪ್ಪಿಗೆ ಎಷ್ಟು ಬೀಳುತ್ತದೆ ಎಂದು ನಾವು ಲೆಕ್ಕ ಹಾಕಿದ್ದು ಆಮೇಲೆ. ಅಪ್ಪ ಅದನ್ನು ಎಂದೂ ಖರ್ಚೆಂದು ಹಿಡಿದವರಲ್ಲ. "ನಮ್ಮ ಹೊಲದ್ದೇ ಸೊಪ್ಪು, ಅದಕ್ಯಾಕ ರೊಕ್ಕ?" ಎನ್ನುತ್ತಿದ್ದರು. ಚೀಟಿಗಳನ್ನು ಹುಡುಕಿ ಕೂಡಿಸಿದೆವು. ಒಂದು ವರ್ಷಕ್ಕೆ ಕೊಟ್ಟಿಗೆ ಗೊಬ್ಬರ 14,000, ರಸಗೊಬ್ಬರ 9,000, ಕಳೆ ತೆಗೆಸಿ ಗಿಡ ಸವರಿದ ಕೂಲಿ 11,000, ಡ್ರಿಪ್ ರಿಪೇರಿ ಇತ್ಯಾದಿ 2,000. ಒಟ್ಟು 36,000. ವರ್ಷದ ಐದು ಬೆಳೆಗೆ ತೋಟ ಕೊಟ್ಟ ಸೊಪ್ಪು ಸುಮಾರು 12,000 ಕಿಲೋ. ಅಂದರೆ ಕಿಲೋಗೆ 3 ರೂಪಾಯಿ. ನೀರು ಚೆನ್ನಾಗಿರುವ ತೋಟಗಳಲ್ಲಿ ವಿ-1 ಇದಕ್ಕಿಂತ ಬಹಳ ಹೆಚ್ಚು ಕೊಡುತ್ತದೆ, ಅವರಿಗೆ ದರ ಇನ್ನೂ ಕಡಿಮೆ ಬೀಳಬಹುದು. ನಮ್ಮ ಬಾವಿಯ ನೀರಿಗೆ ನಮ್ಮ ತೋಟ ಕೊಡುವುದು ಇಷ್ಟೇ. ಮನೆಯಲ್ಲಿ 3 ರೂಪಾಯಿ ಬೀಳುವ ವಸ್ತು ಹೊರಗೆ 21 ರೂಪಾಯಿ ಬಿತ್ತು. ಅದೂ ಬಾಡಿದ್ದು, ಅದೂ ತಡವಾಗಿ.

ಹುಳು ಹಣ್ಣಾದಾಗ ಇನ್ನೊಂದು ತೊಂದರೆ. ನಮ್ಮಲ್ಲಿದ್ದ ನೇತ್ರಿಕೆಗಳು 200 ಮೊಟ್ಟೆಯ ಹುಳುವಿಗೆ ಸಾಕಾಗುವಷ್ಟು. 250ರ ಹುಳುವನ್ನು ಅದರಲ್ಲೇ ಬಿಟ್ಟೆವು. ಇಕ್ಕಟ್ಟಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅದರ ನೂಲು ಸಿಕ್ಕಾಗಿ ಬಿಚ್ಚಲು ಬರುವುದಿಲ್ಲ. ಮೇಲಿನ ಹುಳುವಿನ ಉಚ್ಚೆ ಕೆಳಗಿನ ಗೂಡಿನ ಮೇಲೆ ಬಿದ್ದು ಕಲೆಯಾಗುತ್ತದೆ. ಎರಡೂ ಆಯಿತು.

ಗೂಡು ಬಿಡಿಸುವ ದಿನದ ಬಗ್ಗೆ ಮಾತ್ರ ಅಪ್ಪ ಅವಸರ ಮಾಡಲಿಲ್ಲ. ಎರಡು ಗೂಡು ಕತ್ತರಿಸಿ ನೋಡಿ, ಒಳಗಿನ ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ಮೇಲೆಯೇ ಬಿಡಿಸಿದರು. ಹಳದಿಯಾಗಿ ಮೆತ್ತಗಿರುವಾಗಲೇ ಬಿಡಿಸಿದರೆ ತೂಕ ಸ್ವಲ್ಪ ಹೆಚ್ಚು ಬರುತ್ತದೆ ನಿಜ, ಆದರೆ ರಾತ್ರಿಯ ದಾರಿಯಲ್ಲಿ ಅದು ಒಡೆದು ಒಳಗಿನಿಂದಲೇ ಕಲೆಯಾಗುತ್ತದೆ. ಹಾಗೆಂದು ದರ ಏರಲಿ ಎಂದು ಮನೆಯಲ್ಲಿ ಇಟ್ಟುಕೊಳ್ಳಲೂ ಆಗದು. ತೊಗರಿಯನ್ನು ಚೀಲದಲ್ಲಿ ಆರು ತಿಂಗಳು ಇಡಬಹುದು. ಹಸಿ ಗೂಡನ್ನು ಕೆಲವು ದಿನ ಹೆಚ್ಚು ಇಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ತುಂಡಾಗುತ್ತದೆ. ಅಂದಿನ ದರವೇ ನಮ್ಮ ದರ.

ಜಾಲನಾದಲ್ಲಿ ಅಂದು ದರ ಚೆನ್ನಾಗಿತ್ತು. ನಮ್ಮ ಪಕ್ಕದ ಲಾಟ್ 560ಕ್ಕೆ ಹೋಯಿತು. ನಮ್ಮ ಲಾಟಿನ ಮುಂದೆ ನಿಂತ ನೂಲು ಬಿಚ್ಚುವ ವ್ಯಾಪಾರಿಯೊಬ್ಬರು ಒಂದು ಹಿಡಿ ಗೂಡು ಎತ್ತಿ ಎರಡು ಬೆರಳಲ್ಲಿ ಒತ್ತಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ಕೋಶ ಕಟಕಟ ಅಂದಿತು, ಅದು ಸರಿಯಿತ್ತು. ಆದರೆ ಗೂಡು ಬೆರಳಿಗೆ ಬಗ್ಗಿತು. ಅವರು ಹತ್ತು ಗೂಡು ತೂಗಿದರು. ಹದಿನಾಲ್ಕೂವರೆ ಗ್ರಾಂ. ಕತ್ತರಿಸಿ ಕೋಶ ಚೆಲ್ಲಿ ಬರಿ ಸಿಪ್ಪೆ ತೂಗಿದರು. ಎರಡು ಗ್ರಾಂ ಆರುನೂರು ಮಿಲಿಗ್ರಾಂ. ನಮಗೆ ತೋರಿಸಿ ಮರಾಠಿಯಲ್ಲಿ ಸಾವಕಾಶವಾಗಿ ಹೇಳಿದರು, ಮಕ್ಕಳೇ, ನಾನು ಕೊಳ್ಳುವುದು ಈ ಸಿಪ್ಪೆಯನ್ನು, ಒಳಗಿನ ಹುಳುವನ್ನಲ್ಲ ಎಂದು.

ದರ್ಜೆ ಎನ್ನುವುದರ ಅರ್ಥ ನಮಗೆ ತಿಳಿದದ್ದು ಆಗಲೇ. ನವೆಂಬರ್ ಗೂಡಿನಲ್ಲಿ ಹತ್ತಕ್ಕೆ 18 ಗ್ರಾಂ ತೂಕವಿದ್ದು ಸಿಪ್ಪೆ 4 ಗ್ರಾಂ ಇತ್ತು. ನೂರಕ್ಕೆ 22. ಈ ಸಲ ನೂರಕ್ಕೆ 18. ಅಂಥ ಒಳ್ಳೆಯ ಗೂಡಾದರೆ ಸುಮಾರು 7 ಕಿಲೋದಿಂದ ಒಂದು ಕಿಲೋ ನೂಲು ಬರುತ್ತದೆ. ಇಂಥ ಗೂಡಾದರೆ 9 ಕಿಲೋ ಬೇಕು. ನೂಲಿನ ಬೆಲೆ ಒಂದೇ. ಹಾಗಿರುವಾಗ ಅವರು ಎರಡಕ್ಕೂ ಒಂದೇ ದರ ಹೇಗೆ ಕೊಟ್ಟಾರು? ಪಕ್ಕದವರಿಗೆ 560, ನಮಗೆ 460. ನಮಗೆ ಮೋಸವಾಗಲಿಲ್ಲ. ತಕ್ಕಡಿ ಸರಿಯಾಗಿಯೇ ಇತ್ತು.

ಮನೆಗೆ ಬಂದು ಎರಡೂ ಬೆಳೆಗಳನ್ನು ಅಕ್ಕಪಕ್ಕ ಬರೆದೆವು.

ನವೆಂಬರ್ ಬೆಳೆ: ಬಂದದ್ದು 68,580. ಖರ್ಚು ಹೀಗೆ. ಸೊಪ್ಪು 2,400 ಕಿಲೋಗೆ 7,200, ಚಾಕಿ ಹುಳು 5,000, ಸುಣ್ಣ, ಬ್ಲೀಚಿಂಗ್ ಪುಡಿ, ಹುಳುವಿನ ಹಾಸಿಗೆಗೆ ಹಾಕುವ ಪುಡಿ ಸೇರಿ 1,800, ಕೂಲಿ 4,500, ಜಾಲನಾ ಸಾಗಾಟ 3,200. ಒಟ್ಟು 21,700. ಉಳಿದದ್ದು 46,880.

ಫೆಬ್ರವರಿ ಬೆಳೆ: ಗೂಡು 142 ಕಿಲೋ. 98 ಕಿಲೋ 460ರಂತೆ, 34 ಕಿಲೋ ಎರಡನೇ ದರ್ಜೆ 280ರಂತೆ, ಜೋಡಿ ಮತ್ತು ಕಲೆ ಗೂಡು 10 ಕಿಲೋ 100ರಂತೆ. ಬಂದದ್ದು 55,600. ಖರ್ಚಿನಲ್ಲಿ ಮನೆಯ ಸೊಪ್ಪು 2,200 ಕಿಲೋಗೆ 6,600, ಕೊಂಡ ಸೊಪ್ಪು ಟೆಂಪೋ ಸೇರಿ 5,200, ಚಾಕಿ 6,250, ಸುಣ್ಣ ಪುಡಿ 2,200, ಕೂಲಿ 6,000, ಸಾಗಾಟ 3,400. ಒಟ್ಟು 29,650. ಉಳಿದದ್ದು 25,950.

ಗೂಡು ನಾಲ್ಕು ಕಿಲೋ ಹೆಚ್ಚು. ಉಳಿದ ಹಣ 20,930 ರೂಪಾಯಿ ಕಡಿಮೆ. ನಾವಿಬ್ಬರು, ಅಪ್ಪ, ಅವ್ವ ದುಡಿದದ್ದಕ್ಕೆ ಕೂಲಿ ಹಿಡಿದಿಲ್ಲ. ದಿನಗಳನ್ನು ಎಣಿಸಿದರೆ ಅದೇ 12,000 ಆಗುತ್ತಿತ್ತು. ಹೊಲವನ್ನು ಲಾವಣಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣವನ್ನೂ ಹಿಡಿದಿಲ್ಲ. ಅವನ್ನೆಲ್ಲ ಹಿಡಿದರೆ ಫೆಬ್ರವರಿ ಬೆಳೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಬಹಳ ದಿನ ಕಾಡಿತು. ರೋಗ ಬಂದಿದ್ದರೆ ಅದರ ಮೇಲೆ ಹಾಕಬಹುದಿತ್ತು. ಹಾಲುತೊಂಡೆ ಬಂದರೆ ಹುಳುವಿನ ಮೈ ಊದಿ ಹಾಲಿನಂಥ ನೀರು ಸೋರುತ್ತದೆ. ಸುಣ್ಣಕಟ್ಟು ಬಂದರೆ ಸತ್ತ ಹುಳು ಸೀಮೆಸುಣ್ಣದಂತೆ ಗಟ್ಟಿಯಾಗುತ್ತದೆ. ಅಂಥದ್ದೇನೂ ಕಂಡಿರಲಿಲ್ಲ. ಒಂದು ಗೂಡಿನ ಸರಾಸರಿ ತೂಕದಿಂದ ಭಾಗಿಸಿ ನೋಡಿದರೆ ನವೆಂಬರ್‌ನಲ್ಲಿ ಸುಮಾರು 77 ಸಾವಿರ ಗೂಡು, ಫೆಬ್ರವರಿಯಲ್ಲಿ ಸುಮಾರು 98 ಸಾವಿರ. ಮೊಟ್ಟೆಗೆ ಬಿದ್ದ ಗೂಡಿನ ಸಂಖ್ಯೆ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಹುಳು ಸಾಯಲಿಲ್ಲ. ಹಸಿದವು. ಒಂದು ಮೊಟ್ಟೆಯ ಹುಳುವಿಗೆ ಸುಮಾರು 12 ಕಿಲೋ ಸೊಪ್ಪು ಬೇಕು. ನವೆಂಬರ್‌ನಲ್ಲಿ ಅಷ್ಟು ಸಿಕ್ಕಿತ್ತು. ಫೆಬ್ರವರಿಯಲ್ಲಿ ಸಿಕ್ಕಿದ್ದು 10 ಕಿಲೋಗಿಂತ ಸ್ವಲ್ಪ ಕಡಿಮೆ. ಸೊಪ್ಪು ನೂರಕ್ಕೆ ಹದಿನೆಂಟರಷ್ಟು ಕಡಿಮೆಯಾಯಿತು, ಗೂಡಿನ ತೂಕ ಹತ್ತೊಂಬತ್ತರಷ್ಟು. ಹುಳು ನಮಗೆ ಅಷ್ಟು ನಿಖರವಾಗಿ ಲೆಕ್ಕ ಒಪ್ಪಿಸಿತ್ತು.

ತಂಗಿಯ ಕಂತಿಗೆ ನಮ್ಮ ಧರ್ಮಕೇಂದ್ರದ ಮಹಿಳಾ ಸಂಘದಿಂದ ಅವ್ವ 15,000 ಸಾಲ ಎತ್ತಿದಳು. ನಮಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು. ಬೇಸಿಗೆಯ ಬೆಳೆ ಬಿಸಿಲಿಗೆ ಚಿಕ್ಕದಾಗಿಯೇ ಮಾಡಿದೆವು. ಅದು ಮುಗಿದ ಮೇಲೆ ಅಪ್ಪ ಒಂದು ಸಂಜೆ ಹೇಳಿದರು: "ತುತಿ ಕಿತ್ತು ಕಬ್ಬು ಹಾಕೂನು. ಈ ವಯಸ್ಸಿನಾಗ ಇಷ್ಟು ಓಡಾಟ ಆಗಲ್ಲ." ತೋಟ ಕೀಳುವುದೆಂದರೆ ಮೂರು ವರ್ಷದ ಕೆಲಸ ಕೀಳುವುದು. ಒಮ್ಮೆ ಬೇರೂರಿದ ಹಿಪ್ಪುನೇರಳೆ ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ನಾವು ಆ ಎರಡು ಬೆಳೆಯ ಪುಟವನ್ನು ಅಪ್ಪನ ಮುಂದಿಟ್ಟೆವು. ನಷ್ಟ ತುತಿಯಿಂದ ಆದದ್ದಲ್ಲ, ನಮ್ಮ ಐವತ್ತು ಮೊಟ್ಟೆಯ ಆಸೆಯಿಂದ ಆದದ್ದು ಎಂದು ಒಪ್ಪಿಕೊಂಡೆವು. ಅಪ್ಪ ಬಹಳ ಹೊತ್ತು ಪುಟ ನೋಡಿ, "ಒಂದು ಬೆಳಿ ನೋಡೂನು" ಎಂದರು.

ಜುಲೈ ಬೆಳೆಗೆ ಮೊದಲು ಅವ್ವ ಹೇಳಿದ ಕೆಲಸವನ್ನೇ ಮಾಡಿದೆವು. ತೋಟಕ್ಕೆ ಹೋದೆವು. ಬದುವಿನ ಸಾಲು ಬಿಟ್ಟು, ತೋಟದ ಬೇರೆ ಬೇರೆ ಕಡೆ ಹತ್ತು ಗಿಡ ಆರಿಸಿದೆವು. ಚೆನ್ನಾಗಿರುವುದನ್ನೇ ಆರಿಸಬಾರದು ಎಂದು ಹೆಜ್ಜೆ ಎಣಿಸಿ, ಎದುರು ಸಿಕ್ಕ ಗಿಡವನ್ನೇ ಹಿಡಿದೆವು. ಅವುಗಳ ಎಲೆ ಬಿಡಿಸಿ, ಕಡ್ಡಿ ಇಲ್ಲದೆ ತೂಗಿದೆವು. ಐದು ಕಿಲೋ. ಗಿಡಕ್ಕೆ ಅರ್ಧ ಕಿಲೋ. ಜೋಡಿ ಸಾಲಿನಲ್ಲಿ ನಟ್ಟ ನಮ್ಮ ಎಕರೆಯಲ್ಲಿ 5,400ರಷ್ಟು ಗಿಡ ಇರಬೇಕಿತ್ತು. ಎಣಿಸಿದರೆ ಬದುಕಿದ್ದು 4,800. ಅಂದರೆ ಸೊಪ್ಪು 2,400 ಕಿಲೋ. 12ರಿಂದ ಭಾಗಿಸಿದರೆ 200 ಮೊಟ್ಟೆ. ಮಳೆ, ಹುಳುಕು, ಅಂದಾಜಿನ ತಪ್ಪು ಎಂದು ನೂರಕ್ಕೆ ಹತ್ತು ಬಿಟ್ಟರೆ 180.

ಇದರಲ್ಲಿ ಒಂದು ತೊಡಕಿದೆ. ಚಾಕಿಯನ್ನು ಸುಮಾರು ಮೂರು ವಾರ ಮೊದಲೇ ಹೇಳಿಡಬೇಕು, ಆಗ ತೋಟ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಆದ್ದರಿಂದ ನಾವು ಹಿಂದಿನ ವರ್ಷ ಅದೇ ಕಾಲದ ಬೆಳೆಯ ಸೊಪ್ಪನ್ನು ನೋಡಿ ಹೇಳಿಡುತ್ತೇವೆ. ಹುಳು ಮನೆಗೆ ಬರುವ ಎರಡು ದಿನ ಮೊದಲು ಹತ್ತು ಗಿಡ ತೂಗುತ್ತೇವೆ. ಕಡಿಮೆ ಕಂಡರೆ ಮೂರನೇ ಹಂತದಲ್ಲೇ ಸ್ವಲ್ಪ ಹುಳುವನ್ನು ಸೊಪ್ಪು ಹೆಚ್ಚಿರುವ ನೆರೆಯವರಿಗೆ ಕೊಟ್ಟುಬಿಡುವುದು ಮೇಲು. ಚಿಕ್ಕ ಹುಳು ಕೊಡುವಾಗ ಹೋಗುವುದು ಚಾಕಿಯ ದುಡ್ಡು ಮಾತ್ರ. ಐದನೇ ಹಂತದಲ್ಲಿ ಸೊಪ್ಪು ಕಡಿಮೆಯಾದರೆ ಹೋಗುವುದು ಇಡೀ ಲಾಟಿನ ದರ.

ಜುಲೈಯಲ್ಲಿ 180 ಮೊಟ್ಟೆಗೆ 124 ಕಿಲೋ ಬಂತು. ಅಂದು ಜಾಲನಾದಲ್ಲಿ ದರ ಬಿದ್ದಿತ್ತು. ನಮ್ಮ ಒಳ್ಳೆಯ ಗೂಡು 116 ಕಿಲೋ ಹೋದದ್ದು 430ಕ್ಕೆ, ಅದೇ ಅಂದಿನ ಒಳ್ಳೆಯ ದರಗಳಲ್ಲಿ ಒಂದು. ಉಳಿದ 8 ಕಿಲೋ 260ಕ್ಕೆ. ಒಟ್ಟು 51,960. ಖರ್ಚು 19,480. ಉಳಿದದ್ದು 32,480. ಫೆಬ್ರವರಿಗಿಂತ ಗೂಡು 18 ಕಿಲೋ ಕಡಿಮೆ, ದರವೂ ಕಡಿಮೆ, ಉಳಿದ ಹಣ ಆರೂವರೆ ಸಾವಿರ ಹೆಚ್ಚು. ಸಂಘದ ಸಾಲ ತೀರಿತು. ತೋಟದಲ್ಲಿ ಉಳಿದ ಎರಡು ಸಾಲು ಸೊಪ್ಪನ್ನು ಅವ್ವನ ಆಡುಗಳು ತಿಂದವು. ಅದನ್ನು ನೋಡಿ ಅಪ್ಪ ನಕ್ಕರು. ತುತಿ ಕೀಳುವ ಮಾತು ಮತ್ತೆ ಬಂದಿಲ್ಲ.

ಒಂದು ಭಾನುವಾರ ಪೂಜೆಯಲ್ಲಿ ಲೂಕನ ಶುಭಸಂದೇಶದ 14ನೇ ಅಧ್ಯಾಯ ಓದಿದರು. ಗೋಪುರ ಕಟ್ಟಬೇಕೆಂದವನು ಮೊದಲು ಕುಳಿತು, ಮುಗಿಸುವಷ್ಟು ತನ್ನಲ್ಲಿ ಇದೆಯೇ ಎಂದು ಎಣಿಸುವ ಮಾತು. ಯೇಸು ಅದನ್ನು ಹೇಳಿದ್ದು ಶಿಷ್ಯನಾಗುವ ಬೆಲೆಯ ಬಗ್ಗೆ, ರೇಷ್ಮೆಯ ಬಗ್ಗೆ ಅಲ್ಲ ಎಂದು ನಮಗೆ ಗೊತ್ತು. ಆದರೂ ಬೆಂಚಿನಲ್ಲಿ ಕುಳಿತಿದ್ದ ನಾವಿಬ್ಬರು ಒಟ್ಟಿಗೇ ಅವ್ವನ ಕಡೆ ತಿರುಗಿದೆವು. ಅವಳು ಮುಂದೆ ನೋಡುತ್ತಲೇ ಸಣ್ಣಗೆ ನಗುತ್ತಿದ್ದಳು. ಆ ಮನುಷ್ಯ ಎಣಿಸಬೇಕಾದದ್ದು ಗೋಪುರ ಎಷ್ಟು ಎತ್ತರವಾದೀತು ಎಂದಲ್ಲ, ಕೈಯಲ್ಲಿ ಎಷ್ಟಿದೆ ಎಂದು. ನಾವು ಎಣಿಸಿದ್ದು ಬರಿ ಎತ್ತರವನ್ನು.

ಆದ್ದರಿಂದ ಉದಗೀರಿನ ಮಿತ್ರರೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇದು. ಒಂದು ಬೆಳೆಗೆ ಎಷ್ಟು ಸಿಗುತ್ತದೆ ಎಂದು ಕೇಳುವ ಮೊದಲು ನಿಮ್ಮ ತೋಟದ ಹತ್ತು ಗಿಡ ತೂಗಿ. ದರ ನಿಮ್ಮ ಕೈಯಲ್ಲಿಲ್ಲ, ಅದು ಅಂದಿನ ಮಾರುಕಟ್ಟೆಯದು. ಆದರೆ ಅಂದಿನ ದರದಲ್ಲಿ ನಿಮ್ಮ ಗೂಡು ಮೇಲಿನ ಸಾಲಿನಲ್ಲಿ ನಿಲ್ಲುತ್ತದೋ ಕೆಳಗಿನ ಸಾಲಿನಲ್ಲೋ ಎನ್ನುವುದು ಬಹುಮಟ್ಟಿಗೆ ಕೊನೆಯ ಮೂರು ದಿನದ ಸೊಪ್ಪಿನಲ್ಲಿದೆ, ಆ ಸೊಪ್ಪು ಎಷ್ಟಿದೆ ಎನ್ನುವುದು ಮೊದಲೇ ತೂಗಿ ತಿಳಿಯಬಹುದಾದ ಸಂಗತಿ. ನಮ್ಮ ಲೆಕ್ಕದ ಪುಸ್ತಕವನ್ನು ಮುಂದಿನ ಕೂಟಕ್ಕೆ ತರುತ್ತೇವೆ. ನಿಮ್ಮದೂ ತನ್ನಿ. ಫೆಬ್ರವರಿಯ ಪುಟವನ್ನು ನಾವು ಹರಿದು ಹಾಕಿಲ್ಲ, ಅದನ್ನೇ ಮೊದಲು ತೆರೆದು ತೋರಿಸುತ್ತೇವೆ.

ಕ್ರಿಸ್ತನಲ್ಲಿ ನಿಮ್ಮ ಸಹೋದರರು.